ರೂಪಾಯಿ ಕುಸಿದಾಗ ಐಟಿ ಷೇರು ಏರುವುದೇಕೆ, ಪೆಟ್ರೋಲ್ ಕಂಪನಿಯ ಷೇರು ಇಳಿಯುವುದೇಕೆ? – ಪದೇ ಪದೇ ಕೇಳುವ ಪ್ರಶ್ನೆಗಳು

ಡಾಲರ್ ಬೆಲೆ ಏರಿದ ದಿನ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಷೇರು ಹಸಿರಾಗಿರುತ್ತದೆ, ತೈಲ ಮತ್ತು ವಿಮಾನ ಕಂಪನಿಗಳದ್ದು ಕೆಂಪಾಗಿರುತ್ತದೆ. ಹೀಗೇಕೆ ಎಂದು ಓದುಗರು, ಸ್ನೇಹಿತರು, ಹೊಸದಾಗಿ ಡಿಮ್ಯಾಟ್ ಖಾತೆ ತೆರೆದ ಬಂಧುಗಳು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಯಾವ ಷೇರು ಕೊಳ್ಳಬೇಕು ಎಂಬ ಸಲಹೆ ಇಲ್ಲಿಲ್ಲ.

## ಮೊದಲ ಪ್ರಶ್ನೆಗಳು

ಡಾಲರ್ 80ರಿಂದ 84ಕ್ಕೆ ಹೋದರೆ ರೂಪಾಯಿ ಏರಿತೋ ಇಳಿಯಿತೋ? ನನಗೆ ಪ್ರತಿ ಸಲವೂ ಗೊಂದಲ.

ಇಳಿಯಿತು. ಡಾಲರನ್ನು ಅಂಗಡಿಯಲ್ಲಿರುವ ಒಂದು ಸರಕು ಎಂದುಕೊಳ್ಳಿ. ನಿನ್ನೆ 80 ರೂಪಾಯಿಗೆ ಸಿಗುತ್ತಿದ್ದ ಸರಕಿಗೆ ಇಂದು 84 ಕೊಡಬೇಕು. ಸರಕು ತುಟ್ಟಿಯಾಯಿತು, ನಿಮ್ಮ ರೂಪಾಯಿಯ ಕೊಳ್ಳುವ ಶಕ್ತಿ ಕುಗ್ಗಿತು. ಆ ಸರಕನ್ನು ಮಾರುವವನಿಗೆ ಸಂತೋಷ, ಕೊಳ್ಳಲೇಬೇಕಾದವನಿಗೆ ಸಂಕಟ. ರಫ್ತುದಾರ ಡಾಲರ್ ಮಾರುವವನು, ಆಮದುದಾರ ಡಾಲರ್ ಕೊಳ್ಳುವವನು.

ಡಾಲರ್ ಏರಿದ್ದು ಶೇಕಡ 5 ಮಾತ್ರ. ಐಟಿ ಕಂಪನಿಯ ಲಾಭ ಶೇಕಡ 12 ಏರುತ್ತದೆ ಎನ್ನುತ್ತಾರೆ. ಇದು ಹೇಗೆ ಸಾಧ್ಯ?

ಆದಾಯ ಡಾಲರಿನಲ್ಲಿ ಬರುತ್ತದೆ, ಆದರೆ ಖರ್ಚಿನ ಒಂದು ದೊಡ್ಡ ಭಾಗ ರೂಪಾಯಿಯಲ್ಲಿ ಹೋಗುತ್ತದೆ. ಗುಟ್ಟು ಇರುವುದು ಇಲ್ಲಿ. ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಅಮೆರಿಕದ ಗ್ರಾಹಕರಿಂದ ಅದಕ್ಕೆ 100 ಡಾಲರ್ ಬರುತ್ತದೆ. ಅದರಲ್ಲಿ 50 ಡಾಲರ್ ಅಮೆರಿಕದಲ್ಲೇ ಖರ್ಚಾಗುತ್ತದೆ: ಅಲ್ಲಿ ಕುಳಿತು ಕೆಲಸ ಮಾಡುವ ಎಂಜಿನಿಯರುಗಳ ಸಂಬಳ, ಉಪಗುತ್ತಿಗೆ, ಕಚೇರಿ ಬಾಡಿಗೆ. ಬೆಂಗಳೂರಿನ ಸಂಬಳ, ವಿದ್ಯುತ್, ಕ್ಯಾಬ್ ಇತ್ಯಾದಿಗೆ 2,400 ರೂಪಾಯಿ.

ಡಾಲರ್ 80 ರೂಪಾಯಿ ಇದ್ದಾಗ ಆದಾಯ 8,000. ಅಮೆರಿಕದ ಖರ್ಚು 4,000, ಬೆಂಗಳೂರಿನ ಖರ್ಚು 2,400. ಉಳಿಯುವುದು 1,600 ರೂಪಾಯಿ. ಅಂದರೆ ಆದಾಯದ ಶೇ 20.

ಡಾಲರ್ 84 ಆಯಿತು. ಆದಾಯ 8,400, ಅಮೆರಿಕದ ಖರ್ಚು 4,200. ಬೆಂಗಳೂರಿನ ಎಂಜಿನಿಯರಿನ ಸಂಬಳ ಮಾತ್ರ ಡಾಲರ್ ಏರಿತೆಂದು ಏರುವುದಿಲ್ಲ, ಅದು 2,400ರಲ್ಲೇ ನಿಂತಿದೆ. ಉಳಿಯುವುದು 1,800. ಡಾಲರ್ ಏರಿದ್ದು ಶೇ 5, ಲಾಭ ಏರಿದ್ದು ಶೇ 12.5. ಒಂದೇ ಒಂದು ಹೊಸ ಗ್ರಾಹಕ ಬಂದಿಲ್ಲ, ಒಂದು ಸಾಲು ಕೋಡ್ ಹೆಚ್ಚು ಬರೆದಿಲ್ಲ.

ರೂಪಾಯಿಯಲ್ಲಿ ಆಗುವ ಖರ್ಚಿನ ಪಾಲು ಹೆಚ್ಚಿದ್ದಷ್ಟೂ ಈ ಏರಿಕೆ ಜೋರು. ಹೊರದೇಶದಲ್ಲೇ ಹೆಚ್ಚು ಜನರನ್ನು ಇಟ್ಟುಕೊಂಡ ಕಂಪನಿಗೆ ಅಷ್ಟು ಲಾಭವಿಲ್ಲ.

ಹಾಗಾದರೆ ಆಮದುದಾರನಿಗೂ ಶೇಕಡ 5ರಷ್ಟೇ ನಷ್ಟವೆ?

ಇಲ್ಲ, ಅಲ್ಲಿ ಹೊಡೆತ ಇನ್ನೂ ಬಲವಾಗಿರುತ್ತದೆ, ಏಕೆಂದರೆ ಆಮದುದಾರನ ಲಾಭ ಸಾಮಾನ್ಯವಾಗಿ ತೆಳುವಾಗಿರುತ್ತದೆ. ಟಿವಿ ಜೋಡಿಸಿ ಮಾರುವ ಕಂಪನಿಯನ್ನು ಊಹಿಸಿ. ಟಿವಿಯ ಪರದೆಯೇ ಅದರ ಅತಿ ದುಬಾರಿ ಭಾಗ, ಅದು ಹೊರಗಿನಿಂದ ಬರುತ್ತದೆ. 1,000 ರೂಪಾಯಿ ಮಾರಾಟದಲ್ಲಿ ಆಮದಾದ ಬಿಡಿಭಾಗಗಳಿಗೆ 600, ಕೂಲಿ, ಸಾಗಣೆ, ಡೀಲರ್ ಕಮಿಷನ್ ಸೇರಿ 320. ಉಳಿದದ್ದು 80 ರೂಪಾಯಿ. ಡಾಲರ್ ಶೇ 5 ಏರಿದರೆ ಬಿಡಿಭಾಗದ ಖರ್ಚು 630 ಆಗುತ್ತದೆ. ಲಾಭ 50ಕ್ಕೆ ಇಳಿಯುತ್ತದೆ. ಶೇ 37ಕ್ಕಿಂತ ಹೆಚ್ಚು ಲಾಭ ಮಾಯ. ಷೇರು ಕೆಂಪಾಗುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಬೆಲೆ ಏರಿಸಿದರೆ ಮುಗಿಯಿತಲ್ಲವೆ? ನಷ್ಟ ಗ್ರಾಹಕನ ತಲೆಗೆ ಹೋಗುತ್ತದೆ.

ಏರಿಸಲು ಸಾಧ್ಯವಾದರೆ ಹೌದು. ಮೇಲಿನ ಕಂಪನಿ ಶೇ 3ರಷ್ಟು ಬೆಲೆ ಏರಿಸಿ, ಮಾರಾಟ ಕಡಿಮೆಯಾಗದಿದ್ದರೆ 30 ರೂಪಾಯಿ ವಾಪಸು ಬಂತು. ಆದ್ದರಿಂದ ಆಮದುದಾರನ ಷೇರಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬೆಲೆ ನಿರ್ಧರಿಸುವವರು ಯಾರು?

ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದೂಸ್ತಾನ್ ಪೆಟ್ರೋಲಿಯಂ ಷೇರುಗಳು ರೂಪಾಯಿ ಕುಸಿತಕ್ಕೆ ಅಷ್ಟೊಂದು ಬೆದರುವುದು ಇದೇ ಕಾರಣಕ್ಕೆ. ನಮ್ಮ ದೇಶ ತನಗೆ ಬೇಕಾದ ಕಚ್ಚಾತೈಲದ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ, ಡಾಲರ್ ಕೊಟ್ಟು. 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರಕಾರದ ಹಿಡಿತದಲ್ಲಿತ್ತು. ಕಾಗದದ ಮೇಲೆ ಆ ಹಿಡಿತ ಹೋದ ನಂತರವೂ, ಚುನಾವಣೆಯ ಸಮಯದಲ್ಲಿ ಮತ್ತು 2022ರಲ್ಲಿ ಪಂಪಿನ ಬೆಲೆ ತಿಂಗಳುಗಟ್ಟಲೆ ಅಲುಗಾಡದೆ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಡಾಲರ್ ಏರುತ್ತಿದೆ, ಪಂಪಿನ ಬೆಲೆ ನಿಂತಿದೆ. ನಡುವಿನ ವ್ಯತ್ಯಾಸವನ್ನು ಹೊರುವವರು ಆ ಕಂಪನಿಯ ಷೇರುದಾರರು.

## ಸ್ವಲ್ಪ ಆಳಕ್ಕೆ

ಡಾಲರ್ ಏರಿದ್ದು ಇವತ್ತು. ಲಾಭ ಬರುವುದು ಮೂರು ತಿಂಗಳ ನಂತರ. ಷೇರು ಇವತ್ತೇ ಏಕೆ ಏರುತ್ತದೆ?

ಷೇರಿನ ಬೆಲೆ ಮುಂದಿನ ವರ್ಷಗಳ ಲಾಭದ ಅಂದಾಜು. ವಿಶ್ಲೇಷಕರ ಲೆಕ್ಕದ ಹಾಳೆಯಲ್ಲಿ ಡಾಲರ್ ದರಕ್ಕೆ ಒಂದು ಕೋಷ್ಟಕ ಇರುತ್ತದೆ. ಅಲ್ಲಿ 80 ಎಂದು ಬರೆದಿದ್ದನ್ನು 84 ಎಂದು ತಿದ್ದಿದರೆ ಮುಂದಿನ ಎರಡು ಮೂರು ವರ್ಷದ ಲಾಭದ ಅಂಕಿಗಳೆಲ್ಲ ಒಟ್ಟಿಗೆ ಬದಲಾಗುತ್ತವೆ.

ಇಲ್ಲಿ ಎರಡು ಷರತ್ತುಗಳಿವೆ. ಒಂದು, ಏರಿಕೆ ಅನಿರೀಕ್ಷಿತವಾಗಿರಬೇಕು. ರೂಪಾಯಿ ವರ್ಷಕ್ಕೆ ಶೇ 2–3 ಇಳಿಯುತ್ತದೆ ಎಂದು ಎಲ್ಲರೂ ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ, ಅಷ್ಟೇ ಇಳಿದಾಗ ಷೇರು ಕದಲುವುದಿಲ್ಲ. ಇನ್ನೊಂದು, ಅದು ನಿಲ್ಲುತ್ತದೆ ಎಂಬ ನಂಬಿಕೆ ಇರಬೇಕು. ವಾರದೊಳಗೆ ರೂಪಾಯಿ ಹಿಂದಕ್ಕೆ ಬರುತ್ತದೆ ಎಂದು ಮಾರುಕಟ್ಟೆ ಎಣಿಸಿದರೆ ಯಾರೂ ತಮ್ಮ ಹಾಳೆಯನ್ನು ತಿದ್ದುವುದಿಲ್ಲ.

ಇದು ನಿಜವಾಗಿ ನಡೆದ ಒಂದು ಉದಾಹರಣೆ ಕೊಡಿ.

2013ರ ಬೇಸಿಗೆ ಮತ್ತು ಮಳೆಗಾಲ. ಪಾಠದ ಪುಸ್ತಕಕ್ಕೆ ಹಾಕುವಷ್ಟು ಸ್ಪಷ್ಟವಾದ ಉದಾಹರಣೆ ಅದು.

ಆ ವರ್ಷ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ಮಾರುಕಟ್ಟೆಗೆ ಸುರಿಯುತ್ತಿದ್ದ ಹಣವನ್ನು ಕಡಿಮೆ ಮಾಡುವ ಸೂಚನೆ ಕೊಟ್ಟರು. ಭಾರತದಂಥ ದೇಶಗಳಿಂದ ವಿದೇಶಿ ಹಣ ಹೊರಟಿತು. ಆಗ ಸುಮಾರು 55 ರೂಪಾಯಿ ಇದ್ದ ಡಾಲರ್ ಆಗಸ್ಟ್ 28ರಂದು 68 ದಾಟಿತು. ಮೂರು ತಿಂಗಳಲ್ಲಿ ಡಾಲರ್ ಶೇ 20ಕ್ಕಿಂತ ಹೆಚ್ಚು ತುಟ್ಟಿ! ಬ್ಯಾಂಕ್, ಮೂಲಸೌಕರ್ಯ, ತೈಲ ಮಾರಾಟ ಷೇರುಗಳು ಒಂದರ ಹಿಂದೆ ಒಂದು ನೆಲಕಚ್ಚಿದವು. ಐಟಿ ಷೇರುಗಳು ಮಾತ್ರ ಅದೇ ಅವಧಿಯಲ್ಲಿ ಮೇಲೇರಿದವು.

ಅದೇ ಆಗಸ್ಟ್ 28ರಂದು ರಿಸರ್ವ್ ಬ್ಯಾಂಕ್ ಮಾಡಿದ ಕೆಲಸ ಆಮದುದಾರನ ಪಾಡನ್ನು ಚೆನ್ನಾಗಿ ತೋರಿಸುತ್ತದೆ. ಮೂರು ಸರಕಾರಿ ತೈಲ ಮಾರಾಟ ಕಂಪನಿಗಳಿಗೆ ಬೇಕಾದ ಡಾಲರನ್ನು ತಾನೇ ಒದಗಿಸಲು ಅದು ಪ್ರತ್ಯೇಕ ಕಿಂಡಿ ತೆರೆಯಿತು. ಈ ಕಂಪನಿಗಳು ಬೆಲೆ ಎಷ್ಟೇ ಇರಲಿ, ದಿನವೂ ಡಾಲರ್ ಕೊಳ್ಳಲೇಬೇಕು. ಹಾಗೆ ಕೊಳ್ಳಲು ಮಾರುಕಟ್ಟೆಗೆ ಇಳಿದಾಗ ಡಾಲರ್ ಇನ್ನಷ್ಟು ಏರುತ್ತಿತ್ತು. ಅವರನ್ನು ಮಾರುಕಟ್ಟೆಯಿಂದ ಪಕ್ಕಕ್ಕೆ ಕರೆದದ್ದರಿಂದ ಒತ್ತಡ ಇಳಿಯಿತು. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆದರು, ಅನಿವಾಸಿ ಭಾರತೀಯರ ಡಾಲರ್ ಠೇವಣಿ ತರಿಸುವ ಕ್ರಮಗಳು ಬಂದವು, ವರ್ಷದ ಕೊನೆಗೆ ಡಾಲರ್ 62ರ ಆಸುಪಾಸಿಗೆ ಇಳಿದಿತ್ತು.

ಒಎನ್‌ಜಿಸಿ ತನ್ನ ತೈಲವನ್ನು ಇಲ್ಲೇ ಮಾರುತ್ತದೆ. ಆದರೂ ಡಾಲರ್ ಏರಿದರೆ ಅದಕ್ಕೆ ಲಾಭ ಎನ್ನುತ್ತಾರಲ್ಲ?

ಒಳ್ಳೆಯ ಪ್ರಶ್ನೆ. ಹಡಗಿಗೆ ಸರಕು ಏರಿಸಿದರೆ ಮಾತ್ರ ರಫ್ತುದಾರ ಎಂದುಕೊಂಡವರು ಇಲ್ಲಿ ತಪ್ಪುತ್ತಾರೆ. ಒಎನ್‌ಜಿಸಿಯ ಕಚ್ಚಾತೈಲದ ಬೆಲೆ ಅಂತರರಾಷ್ಟ್ರೀಯ ಡಾಲರ್ ಬೆಲೆಗೆ ಕಟ್ಟಿಕೊಂಡಿದೆ. ಕೊಳ್ಳುವವರು ಮಂಗಳೂರಿನ ರಿಫೈನರಿಯವರೇ ಆದರೂ ಬೆಲೆ ನಿಗದಿಯಾಗುವುದು ಡಾಲರಿನಲ್ಲಿ. ಖರ್ಚಿನ ಬಹುಪಾಲು ದೇಶದೊಳಗೆ. ಹಾಗಾಗಿ ರೂಪಾಯಿ ಕುಸಿದರೆ ಅದರ ಸ್ಥಿತಿ ರಫ್ತುದಾರನಂತೆಯೇ. ಅಲ್ಯೂಮಿನಿಯಂ, ಸತು ತಯಾರಿಸುವ ಕಂಪನಿಗಳೂ ಹೀಗೆಯೇ: ಲಂಡನ್ ಲೋಹ ಮಾರುಕಟ್ಟೆಯ ಡಾಲರ್ ಬೆಲೆ ಇಲ್ಲಿನ ಬೆಲೆಯನ್ನು ಎಳೆಯುತ್ತದೆ.

ಆದರೆ ಈ ಲಾಭ ಕಂಪನಿಯ ಕೈಯಲ್ಲೇ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ. 2013ರಲ್ಲಿ ಒಎನ್‌ಜಿಸಿ ತೈಲ ಮಾರಾಟ ಕಂಪನಿಗಳ ನಷ್ಟದ ಒಂದು ಪಾಲನ್ನು ಹೊರಬೇಕಿತ್ತು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಕಚ್ಚಾತೈಲದ ಮೇಲೆ ಹೆಚ್ಚುವರಿ ಲಾಭ ತೆರಿಗೆ ಜಾರಿಯಲ್ಲಿತ್ತು.

ನಮ್ಮದು ಕಾಫಿ ತೋಟ. ಡಾಲರ್ ಏರಿದರೆ ನಮಗೂ ಒಳ್ಳೆಯದೇ ಅಲ್ಲವೆ?

ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಅದರಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುತ್ತದೆ. ಕೊಡಗಿನಲ್ಲಿ ಪರಿಚಯದ ಕಾಫಿ ವ್ಯಾಪಾರಿಯೊಬ್ಬರು ಬೆಳಿಗ್ಗೆ 50 ಕಿಲೋ ಚೀಲದ ಬೆಲೆ ಹೇಳುವ ಮುನ್ನ ಮೊಬೈಲಿನಲ್ಲಿ ಎರಡು ಅಂಕಿ ನೋಡುತ್ತಾರೆ: ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ ಎಷ್ಟು ಡಾಲರ್, ಡಾಲರಿಗೆ ಎಷ್ಟು ರೂಪಾಯಿ. ಎರಡನ್ನು ಗುಣಿಸಿ, ಸಂಸ್ಕರಣೆ ಮತ್ತು ಸಾಗಣೆಯ ಖರ್ಚು ಕಳೆಯುತ್ತಾರೆ. ಲಂಡನ್ ಬೆಲೆ ನಿಂತಲ್ಲೇ ನಿಂತು ಡಾಲರ್ ಏರಿದರೆ ಖಂಡಿತ ನಿಮಗೆ ಲಾಭ.

ಆದರೆ ಲಂಡನ್ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಜಗತ್ತಿನ ಅತಿ ದೊಡ್ಡ ಕಾಫಿ ಬೆಳೆಗಾರ ಬ್ರೆಜಿಲ್. ಡಾಲರ್ ಎಲ್ಲೆಡೆ ಬಲವಾದಾಗ ಬ್ರೆಜಿಲಿನ ನಾಣ್ಯವಾದ ರಿಯಾಲ್ ಕೂಡ ಕುಸಿಯುತ್ತದೆ. ಆಗ ಅಲ್ಲಿನ ಬೆಳೆಗಾರನೂ ಇದೇ ಲೆಕ್ಕ ಹಾಕಿ ದಾಸ್ತಾನನ್ನು ಮಾರಲು ಮುಂದಾಗುತ್ತಾನೆ, ಡಾಲರ್ ಬೆಲೆ ಇಳಿಯುತ್ತದೆ. ನಮ್ಮ ರೂಪಾಯಿ ಮಾತ್ರ ಕುಸಿಯುವುದು ಒಂದು ಕಥೆ, ಸ್ಪರ್ಧಿಗಳ ನಾಣ್ಯವೂ ಜೊತೆಗೆ ಕುಸಿಯುವುದು ಇನ್ನೊಂದು ಕಥೆ. ಬಟ್ಟೆ, ಸಾಂಬಾರ ಪದಾರ್ಥ, ಕಾಫಿಯಂಥ ಸ್ಪರ್ಧೆಯ ಸರಕುಗಳ ಕಂಪನಿಗಳಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ತೋಟಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರವೂ ಹೊರಗಿನಿಂದಲೇ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವಿಮಾನಕ್ಕೆ ಇಂಧನ ತುಂಬಿಸುವುದು ದೇವನಹಳ್ಳಿಯಲ್ಲಿ, ಟಿಕೆಟ್ ಮಾರುವುದು ರೂಪಾಯಿಯಲ್ಲಿ. ವಿಮಾನ ಕಂಪನಿಗೆ ಡಾಲರಿನ ಹೊಡೆತ ಎಲ್ಲಿಂದ?

ಮೂರು ಕಡೆಯಿಂದ. ವಿಮಾನ ಇಂಧನವನ್ನು ರೂಪಾಯಿಯಲ್ಲೇ ಕೊಂಡರೂ ಅದರ ದರ ಪ್ರತಿ ತಿಂಗಳ ಮೊದಲ ದಿನ ಅಂತರರಾಷ್ಟ್ರೀಯ ಬೆಲೆ ಮತ್ತು ವಿನಿಮಯ ದರವನ್ನು ನೋಡಿ ಬದಲಾಗುತ್ತದೆ. ವಿಮಾನಗಳ ಬಾಡಿಗೆ ಡಾಲರಿನಲ್ಲಿ. ದೊಡ್ಡ ರಿಪೇರಿ, ಎಂಜಿನ್ ಬಿಡಿಭಾಗಗಳೂ ಡಾಲರಿನಲ್ಲಿ.

ಇದರ ಮೇಲೆ ಲೆಕ್ಕಪತ್ರದ ಒಂದು ನಿಯಮವಿದೆ. 2019ರ ಏಪ್ರಿಲ್‌ನಿಂದ, ಮುಂದಿನ ವರ್ಷಗಳಲ್ಲಿ ಕೊಡಬೇಕಾದ ಬಾಡಿಗೆಯನ್ನೂ ಸಾಲದಂತೆ ಪುಸ್ತಕದಲ್ಲಿ ತೋರಿಸಬೇಕು. ಆ ಸಾಲ ಡಾಲರಿನಲ್ಲಿದ್ದರೆ ಪ್ರತಿ ತ್ರೈಮಾಸಿಕದ ಕೊನೆಯ ದಿನದ ದರದಲ್ಲಿ ಹೊಸದಾಗಿ ಲೆಕ್ಕ ಹಾಕಬೇಕು. 100 ಕೋಟಿ ಡಾಲರ್ ಇಂಥ ಹೊಣೆ ಇದ್ದರೆ, ಡಾಲರ್ ಒಂದು ರೂಪಾಯಿ ಏರಿದಾಗ ಒಂದೇ ಏಟಿಗೆ 100 ಕೋಟಿ ರೂಪಾಯಿ ನಷ್ಟ ಬರೆಯಬೇಕಾಗುತ್ತದೆ. ಹಣ ಇನ್ನೂ ಕೈಬಿಟ್ಟಿಲ್ಲ, ಆದರೆ ಪತ್ರಿಕೆಯ ತಲೆಬರಹದಲ್ಲಿ ನಷ್ಟ ಕಾಣುತ್ತದೆ. ಫಲಿತಾಂಶ ಓದುವಾಗ ವಿನಿಮಯ ದರದ ನಷ್ಟವನ್ನು ಬೇರೆ ತೆಗೆದು ನೋಡದಿದ್ದರೆ ವ್ಯಾಪಾರವೇ ಕೆಟ್ಟಿತೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

## ಲೆಕ್ಕ ತಪ್ಪುವ ಕಡೆ

ಕಂಪನಿಗಳು ಹೆಡ್ಜಿಂಗ್ ಮಾಡುತ್ತವಲ್ಲ. ಹಾಗಿದ್ದರೆ ಡಾಲರ್ ಏರಿದರೇನು, ಇಳಿದರೇನು?

ಹೆಡ್ಜಿಂಗ್ ಎಂದರೆ ಮುಂದೆ ಬರುವ ಡಾಲರಿಗೆ ಇಂದೇ ದರ ಗೊತ್ತುಮಾಡಿಕೊಳ್ಳುವುದು. ಬ್ಯಾಂಕಿನೊಂದಿಗೆ ಫಾರ್ವರ್ಡ್ ಒಪ್ಪಂದ ಮಾಡಿಕೊಂಡರೆ, ಆ ದಿನ ಮಾರುಕಟ್ಟೆ ದರ ಏನೇ ಇರಲಿ, ಒಪ್ಪಿದ ದರವೇ ಸಿಗುತ್ತದೆ.

ಮೊದಲಿನ ಐಟಿ ಕಂಪನಿಗೆ ಮರಳೋಣ. ಬರುವುದು 100 ಡಾಲರ್, ಹೋಗುವುದು 50. ರೂಪಾಯಿಗೆ ಬದಲಿಸಬೇಕಾದ ನಿವ್ವಳ ಡಾಲರ್ 50. ಅದರಲ್ಲಿ ಅರ್ಧವನ್ನು, ಅಂದರೆ 25 ಡಾಲರನ್ನು, 81 ರೂಪಾಯಿಗೆ ಮೊದಲೇ ಮಾರಿಟ್ಟಿದೆ ಎನ್ನಿ. ಡಾಲರ್ 84 ಆದಾಗ ಆ 25 ಡಾಲರಿನ ಮೇಲೆ ತಲಾ 3 ರೂಪಾಯಿ ಕೈತಪ್ಪುತ್ತದೆ, ಒಟ್ಟು 75. ಲಾಭ 1,800ರ ಬದಲು 1,725. ಏರಿಕೆ ಶೇ 12.5 ಅಲ್ಲ, ಸುಮಾರು ಶೇ 8.

ಆದರೆ ಒಪ್ಪಂದಗಳು ಶಾಶ್ವತವಲ್ಲ. ಕೆಲವು ತಿಂಗಳಲ್ಲಿ ಅಥವಾ ಒಂದೆರಡು ವರ್ಷದಲ್ಲಿ ಮುಗಿಯುತ್ತವೆ, ಹೊಸವು 84ರ ಆಸುಪಾಸಿನ ದರದಲ್ಲಿ ಆಗುತ್ತವೆ. ಹೀಗಾಗಿ ಹೆಡ್ಜಿಂಗ್ ರೂಪಾಯಿ ಕುಸಿತದ ಲಾಭವನ್ನು ತಡಮಾಡುತ್ತದೆ, ತಡೆಯುವುದಿಲ್ಲ. ಆಮದುದಾರನ ನಷ್ಟಕ್ಕೂ ಇದೇ ಮಾತು ಅನ್ವಯ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 2007ರಲ್ಲಿ ರೂಪಾಯಿ 40ರ ಒಳಗೆ ಬಲಗೊಂಡಿದ್ದಾಗ, ಅದು ಇನ್ನೂ ಬಲವಾಗುತ್ತದೆಂದು ನಂಬಿ ಹಲವು ರಫ್ತುದಾರರು ಬ್ಯಾಂಕುಗಳು ಕೊಟ್ಟ ಜಟಿಲ ಡೆರಿವೇಟಿವ್ ಒಪ್ಪಂದಗಳಿಗೆ ಸಹಿ ಹಾಕಿದರು. 2008ರಲ್ಲಿ ರೂಪಾಯಿ ಕುಸಿಯಿತು. ಕುಸಿತದಿಂದ ಲಾಭ ಪಡೆಯಬೇಕಿದ್ದ ರಫ್ತುದಾರರೇ ನಷ್ಟದಲ್ಲಿ ಮುಳುಗಿ ನ್ಯಾಯಾಲಯದ ಮೆಟ್ಟಿಲೇರಿದರು. ನಿವ್ವಳ ಡಾಲರ್ ಆದಾಯಕ್ಕಿಂತ ಒಪ್ಪಂದದ ಮೊತ್ತ ಹೆಚ್ಚಿದ್ದರೆ ಅದು ರಕ್ಷಣೆಯಲ್ಲ, ಜೂಜು.

2022ರಲ್ಲಿ ರೂಪಾಯಿ ಕುಸಿಯಿತು, ನನ್ನ ಐಟಿ ಷೇರುಗಳೂ ಕುಸಿದವು. ನೀವು ಹೇಳುವುದಕ್ಕೆ ತದ್ವಿರುದ್ಧ.

ಈ ಪ್ರಶ್ನೆ ಅತಿ ಹೆಚ್ಚು ಬಂದಿದೆ, ಕೇಳಿದವರ ಬೇಸರವೂ ನ್ಯಾಯವಾದದ್ದೇ. ಆ ವರ್ಷ ಡಾಲರ್ 74ರಿಂದ 82ರ ಮೇಲೆ ಹೋಯಿತು, ನಿಫ್ಟಿ ಐಟಿ ಸೂಚ್ಯಂಕ ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿಯಿತು.

ರೂಪಾಯಿ ಏಕೆ ಕುಸಿಯಿತು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಹಣದುಬ್ಬರವನ್ನು ಹಿಡಿಯಲು ಅಮೆರಿಕದ ಫೆಡರಲ್ ರಿಸರ್ವ್ ಆ ಒಂದೇ ವರ್ಷದಲ್ಲಿ ಬಡ್ಡಿದರವನ್ನು ಸೊನ್ನೆಯ ಬಳಿಯಿಂದ ಶೇ 4.25–4.5ಕ್ಕೆ ಏರಿಸಿತು. ಡಾಲರನ್ನು ಬಲಪಡಿಸಿದ ಆ ಬಡ್ಡಿಯೇ ಅಮೆರಿಕದ ಬ್ಯಾಂಕು, ಅಂಗಡಿ, ಕಾರ್ಖಾನೆಗಳಿಗೆ ಹಿಂಜರಿತದ ಭಯ ಹುಟ್ಟಿಸಿತು. ಅವರೇ ನಮ್ಮ ಐಟಿ ಕಂಪನಿಗಳ ಗ್ರಾಹಕರು. ಅವರು ಹೊಸ ಯೋಜನೆಗಳನ್ನು ಮುಂದೂಡಿದರೆ ಬರುವ 100 ಡಾಲರೇ 95 ಆಗುತ್ತದೆ, ದರದಿಂದ ಸಿಕ್ಕ ಲಾಭ ಅಲ್ಲೇ ಕರಗುತ್ತದೆ. ಇತ್ತ ಬೆಂಗಳೂರಿನಲ್ಲಿ ನೌಕರರು ಕೆಲಸ ಬಿಟ್ಟುಹೋಗುವ ಪ್ರಮಾಣ ವಿಪರೀತವಾಗಿತ್ತು. ಅವರನ್ನು ಉಳಿಸಿಕೊಳ್ಳಲು ಸಂಬಳ ಏರಿಸಬೇಕಾಯಿತು. ನಾವು 2,400ರಲ್ಲೇ ನಿಂತಿದೆ ಎಂದುಕೊಂಡ ಖರ್ಚು ನಿಲ್ಲಲಿಲ್ಲ. ಸಾಲದೆಂಬಂತೆ 2021ರಲ್ಲಿ ಈ ಷೇರುಗಳು ಲಾಭಕ್ಕೆ ಹೋಲಿಸಿದರೆ ತುಂಬಾ ದುಬಾರಿಯಾಗಿದ್ದವು.

2013ರಲ್ಲಿ ಅಮೆರಿಕದ ಆರ್ಥಿಕತೆ ಚೇತರಿಸಿಕೊಳ್ಳುತ್ತಿತ್ತು, ಗ್ರಾಹಕರು ಖರ್ಚು ಮಾಡಲು ಸಿದ್ಧರಿದ್ದರು. 2022ರಲ್ಲಿ ಅವರು ಕೈ ಬಿಗಿಹಿಡಿದರು. ಕುಸಿತದ ಮೂಲ ನಮ್ಮ ಮನೆಯಲ್ಲಿದೆಯೋ ಗ್ರಾಹಕನ ಮನೆಯಲ್ಲಿದೆಯೋ ಎಂಬುದನ್ನು ಮೊದಲು ನೋಡದೆ, ಡಾಲರ್ ಏರಿತೆಂದು ಐಟಿ ಷೇರು ಕೊಳ್ಳಲು ಓಡಬಾರದು.

ಫಲಿತಾಂಶದಲ್ಲಿ ‘ಸ್ಥಿರ ಕರೆನ್ಸಿಯಲ್ಲಿ ಬೆಳವಣಿಗೆ’ ಎಂದು ಬರೆಯುತ್ತಾರೆ. ಅದನ್ನು ಏಕೆ ನೋಡಬೇಕು?

ವಿನಿಮಯ ದರಗಳು ಬದಲಾಗದೇ ಇದ್ದಿದ್ದರೆ ಕಂಪನಿ ಎಷ್ಟು ಬೆಳೆಯುತ್ತಿತ್ತು ಎಂಬುದನ್ನು ಆ ಅಂಕಿ ಹೇಳುತ್ತದೆ. ರೂಪಾಯಿ ಲೆಕ್ಕದಲ್ಲಿ ಶೇ 9 ಬೆಳವಣಿಗೆ, ಸ್ಥಿರ ಕರೆನ್ಸಿಯಲ್ಲಿ ಶೇ 2 ಎಂದಿದ್ದರೆ, ಆ 9ರಲ್ಲಿ 7ರಷ್ಟನ್ನು ತಂದುಕೊಟ್ಟದ್ದು ವಿನಿಮಯ ದರ, ಕೆಲಸವಲ್ಲ. ದರದ ಲಾಭ ಹೆಚ್ಚು ಕಾಲ ಕೈಯಲ್ಲಿ ನಿಲ್ಲುವುದಿಲ್ಲ. ಒಪ್ಪಂದ ನವೀಕರಣಕ್ಕೆ ಕುಳಿತಾಗ ಗ್ರಾಹಕನೂ ವಿನಿಮಯ ದರ ನೋಡಿಯೇ ಬಂದಿರುತ್ತಾನೆ, ರಿಯಾಯಿತಿ ಕೇಳುತ್ತಾನೆ. ಪಕ್ಕದ ಕಂಪನಿಗೂ ಅದೇ ಲಾಭ ಸಿಕ್ಕಿರುವುದರಿಂದ ಅದು ಕಡಿಮೆ ದರ ಹೇಳಲು ಸಿದ್ಧವಾಗಿರುತ್ತದೆ. ಡಾಲರ್ ಬಲವಾದಾಗ ಪೌಂಡ್, ಯೂರೊ ಇಳಿದಿದ್ದರೆ ಯೂರೋಪಿನಿಂದ ಬರುವ ಆದಾಯ ಡಾಲರ್ ಲೆಕ್ಕದಲ್ಲಿ ಕುಗ್ಗಿ ಕಾಣುತ್ತದೆ, ಅದನ್ನೂ ಈ ಅಂಕಿ ಸರಿಪಡಿಸಿ ತೋರಿಸುತ್ತದೆ.

ಒಂದು ಕಂಪನಿ ಯಾವ ಕಡೆ ಇದೆ ಎಂದು ನಾನೇ ಪತ್ತೆ ಮಾಡುವುದು ಹೇಗೆ? ಔಷಧ ಕಂಪನಿಯಂಥದ್ದು ಆಮದೂ ಮಾಡುತ್ತದೆ, ರಫ್ತೂ ಮಾಡುತ್ತದೆ.

ವಾರ್ಷಿಕ ವರದಿಯಲ್ಲಿ ಮೂರು ಜಾಗ ನೋಡಿ. ಮೊದಲನೆಯದು ನಿರ್ದೇಶಕರ ಮಂಡಳಿಯ ವರದಿ. ವಿದೇಶಿ ವಿನಿಮಯ ಗಳಿಕೆ ಎಷ್ಟು, ವೆಚ್ಚ ಎಷ್ಟು ಎಂದು ಅಲ್ಲಿ ಬರೆಯುವುದು 2013ರ ಕಂಪನಿ ಕಾಯ್ದೆಯಂತೆ ಕಡ್ಡಾಯ. ಗಳಿಕೆಯಿಂದ ವೆಚ್ಚ ಕಳೆಯಿರಿ. ಚೀನಾದಿಂದ ಕಚ್ಚಾ ಔಷಧ ತರಿಸಿ ಅಮೆರಿಕಕ್ಕೆ ಮಾತ್ರೆ ಕಳಿಸುವ ಕಂಪನಿ ನಿಜವಾಗಿ ಯಾವ ಕಡೆ ನಿಂತಿದೆ ಎಂಬುದು ಆ ಒಂದು ಕಳೆಯುವ ಲೆಕ್ಕದಲ್ಲೇ ತಿಳಿಯುತ್ತದೆ. ನೆನಪಿಡಿ, ಒಎನ್‌ಜಿಸಿಯಂಥ ಕಂಪನಿಯ ಗುಟ್ಟು ಇಲ್ಲಿ ಕಾಣಿಸದು. ಅದಕ್ಕೆ ಮಾರಾಟದ ಬೆಲೆ ಯಾವುದಕ್ಕೆ ಕಟ್ಟಿಕೊಂಡಿದೆ ಎಂದು ಬೇರೆಯಾಗಿ ಓದಬೇಕು.

ಎರಡನೆಯದು ಸಾಲದ ಟಿಪ್ಪಣಿ. ರಫ್ತು ಚೆನ್ನಾಗಿದ್ದರೂ ಡಾಲರ್ ಸಾಲ ಬೆಟ್ಟದಷ್ಟಿದ್ದರೆ ರೂಪಾಯಿ ಕುಸಿದಾಗ ಸಾಲವೂ ಊದಿಕೊಳ್ಳುತ್ತದೆ. ಮೂರನೆಯದು ಹಣಕಾಸು ಅಪಾಯಗಳ ಟಿಪ್ಪಣಿಯಲ್ಲಿ ಬರುವ ವಿದೇಶಿ ಕರೆನ್ಸಿಯ ಸೂಕ್ಷ್ಮತೆಯ ಕೋಷ್ಟಕ. ರೂಪಾಯಿ ಇಷ್ಟು ಶೇಕಡ ಬದಲಾದರೆ ಲಾಭ ಎಷ್ಟು ಬದಲಾಗುತ್ತದೆ ಎಂದು ಕಂಪನಿಯೇ ಅಲ್ಲಿ ಬರೆದಿರುತ್ತದೆ. ಬಹಳಷ್ಟು ಕೋಷ್ಟಕಗಳು ಮಾರ್ಚ್ 31ರಂದು ಪುಸ್ತಕದಲ್ಲಿದ್ದ ಬಾಕಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಮುಂದಿನ ವರ್ಷ ಬರಲಿರುವ ಆದಾಯವನ್ನಲ್ಲ. ಹಾಗಾಗಿ ಅಲ್ಲಿ ಚಿಕ್ಕ ಅಂಕಿ ಕಂಡರೂ, ಮೊದಲ ಜಾಗದ ಗಳಿಕೆ–ವೆಚ್ಚದ ಪಕ್ಕದಲ್ಲಿಟ್ಟು ಓದಿ.